ಮನೆ ಸಾಲ ಇದ್ದರೆ ಹಳೆ ತೆರಿಗೆ ಪದ್ಧತಿಯೇ ಲಾಭವೇ? ಭಾವನ ಕಾಗದಗಳನ್ನು ಹರಡಿಕೊಂಡು ಲೆಕ್ಕ ಹಾಕಿದೆವು

ಬಸವೇಶ್ವರನಗರದ ಅಕ್ಕನ ಮನೆಗೆ ನಾವು ವರ್ಷಕ್ಕೆ ನಾಲ್ಕೈದು ಸಲ ಹೋಗುತ್ತೇವೆ. ಜೂನ್ ತಿಂಗಳ ಒಂದು ಭಾನುವಾರ ಅವ್ವನನ್ನೂ ಕರೆದುಕೊಂಡು, ತೋಟದ ಹಲಸಿನ ಹಣ್ಣು ಹೊತ್ತುಕೊಂಡು ಮಾಗಡಿ ಕಡೆಯಿಂದ ಬಸ್ಸಿನಲ್ಲಿ ಬಂದಿಳಿದೆವು. ಬಾಗಿಲಲ್ಲೇ ಭಾವ ಕೇಳಿದರು, "ಬಂದ್ಯೇನಪ್ಪ? ಪೇಪರ್‌ಗೆ ಬರೀತೀಯಲ್ಲ, ಈ ಹಳೆ ಟ್ಯಾಕ್ಸು ಹೊಸ ಟ್ಯಾಕ್ಸು ಏನು ಅಂತ ಸ್ವಲ್ಪ ನೋಡು."

ಭಾವ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ವರ್ಷದ ಸಂಬಳ 14 ಲಕ್ಷ ರೂಪಾಯಿ. ಅಪ್ಪ ಬಿಟ್ಟುಹೋದ ಸೈಟಿನಲ್ಲಿ ಆರೇಳು ವರ್ಷದ ಹಿಂದೆ 30 ಲಕ್ಷ ಸಾಲ ಮಾಡಿ ಮನೆ ಕಟ್ಟಿದರು. ತಿಂಗಳಿಗೆ 26 ಸಾವಿರ ಚಿಲ್ಲರೆ ಕಂತು. ಅದರ ಮೇಲೆ ಒಂದು ಜೀವ ವಿಮೆ, ಒಂದು ಆರೋಗ್ಯ ವಿಮೆ.

ಅವರ ತಲೆನೋವಿಗೆ ಎರಡು ಕಾರಣ ಇತ್ತು. ಒಂದು, ಆಫೀಸಿನಿಂದ ಫಾರ್ಮ್ 16 ಬಂದಿತ್ತು. ಅದರಲ್ಲಿ ವರ್ಷವಿಡೀ ಸಂಬಳದಿಂದ ಹಿಡಿದ ತೆರಿಗೆ ಸುಮಾರು 1,11,490 ರೂಪಾಯಿ. ಇನ್ನೊಂದು, ನಮ್ಮ ಕಡೆಯವರೇ ಆದ ಒಬ್ಬ ವಿಮಾ ಏಜೆಂಟರು ವಾರದಿಂದ ಫೋನ್ ಮಾಡುತ್ತಿದ್ದರು. ವರ್ಷಕ್ಕೆ 50 ಸಾವಿರ ಕಟ್ಟುವ ಹೊಸ ಪಾಲಿಸಿ ಮಾಡಿಸಿದರೆ ಮುಂದಿನ ವರ್ಷ ತೆರಿಗೆ ಇಳಿಯುತ್ತದೆ ಎಂಬುದು ಅವರ ಮಾತು.

"ಮನೆ ಸಾಲ, ವಿಮೆ ಎರಡೂ ಇರೋರಿಗೆ ಹಳೇದೇ ಲಾಭ ಅಂತ ಎಲ್ಲರೂ ಹೇಳ್ತಾರೆ. ನಾನೂ ಆಫೀಸಲ್ಲಿ ಹಳೇದೇ ಬರೆದುಕೊಟ್ಟಿದ್ದೀನಿ" ಅಂದರು ಭಾವ. ಆ ಮಾತು ನಿಜವೇ ಅಂತ ನೋಡಲು ಊಟವಾದ ಮೇಲೆ ಅಕ್ಕ, ಭಾವ, ನಾವು ಚಾಪೆಯ ಮೇಲೆ ಕಾಗದಗಳನ್ನು ಹರಡಿಕೊಂಡು ಕೂತೆವು.

ಎರಡು ಪದ್ಧತಿಯ ವ್ಯತ್ಯಾಸ

ಹಳೆ ಪದ್ಧತಿಯಲ್ಲಿ ತೆರಿಗೆಯ ದರ ಜಾಸ್ತಿ. ಆದರೆ ದರ ಹಾಕುವ ಮೊದಲು ಮನೆ ಸಾಲದ ಬಡ್ಡಿ, ವಿಮೆ ಕಂತು, ಭವಿಷ್ಯ ನಿಧಿ, ಮನೆ ಬಾಡಿಗೆ ಭತ್ಯೆ ಇಂಥವನ್ನೆಲ್ಲ ಆದಾಯದಿಂದ ಕಳೆಯಲು ಬಿಡುತ್ತಾರೆ. 2020ರ ಬಜೆಟ್ಟಿನಲ್ಲಿ ಬಂದ ಹೊಸ ಪದ್ಧತಿಯಲ್ಲಿ ದರ ಕಡಿಮೆ, ಆದರೆ ಈ ಕಳೆಯುವ ಬಾಬ್ತುಗಳು ಬಹುತೇಕ ಇಲ್ಲ. ಸಂಬಳದಾರರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಅಂತ 75 ಸಾವಿರ ಕಳೆದು ಉಳಿದದ್ದಕ್ಕೆ ತೆರಿಗೆ. ತಾವೇ ವಾಸವಿರುವ ಮನೆಯ ಸಾಲದ ಬಡ್ಡಿ ಹೊಸದರಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಹಾಗಾಗಿ ಕೇಳಬೇಕಾದ ಪ್ರಶ್ನೆ "ನನಗೆ ಮನೆ ಸಾಲ ಇದೆಯೇ" ಅನ್ನುವುದಲ್ಲ. ಕಳೆಯಲು ಸಿಗುವ ಮೊತ್ತ ಒಟ್ಟು ಎಷ್ಟು, ಹಳೆಯ ಜಾಸ್ತಿ ದರವನ್ನು ಸರಿದೂಗಿಸುವಷ್ಟು ಅದು ಇದೆಯೇ ಅನ್ನುವುದು.

ತುಂಬಿದ ಕೊಡಕ್ಕೆ ನೀರು

ಮೊದಲು ಭಾವ ಏನೇನು ಕಳೆಯಬಹುದು ಅಂತ ಪಟ್ಟಿ ಮಾಡಿದೆವು. ಬ್ಯಾಂಕಿನಿಂದ ತಂದಿದ್ದ ಸಾಲದ ಪ್ರಮಾಣಪತ್ರದಲ್ಲಿ ಆ ವರ್ಷ ಕಟ್ಟಿದ ಕಂತುಗಳನ್ನು ಎರಡು ಭಾಗ ಮಾಡಿ ಬರೆದಿದ್ದರು. ಬಡ್ಡಿಗೆ ಹೋದದ್ದು ಸುಮಾರು 2,13,000, ಅಸಲಿಗೆ ಹೋದದ್ದು ಸುಮಾರು 99,000. ಬಡ್ಡಿ 24(ಬಿ) ಎಂಬ ಕಲಮಿಗೆ ಹೋಗುತ್ತದೆ. ವಾಸದ ಮನೆಗೆ ಅಲ್ಲಿ ಮಿತಿ 2 ಲಕ್ಷ. ಅಂದರೆ 13 ಸಾವಿರ ಅಲ್ಲೇ ಬಿಟ್ಟುಹೋಯಿತು.

ಅಸಲು 80ಸಿ ಎಂಬ ಕಲಮಿಗೆ ಹೋಗುತ್ತದೆ. ಬಹಳ ಜನ ಎಡವುವುದು ಇಲ್ಲೇ. 80ಸಿ ಅಂದರೆ ಒಂದೇ ಕೊಡ, ಅದರ ಅಳತೆ 1,50,000. ಮನೆ ಸಾಲದ ಅಸಲು, ಸಂಬಳದಲ್ಲಿ ಹಿಡಿಯುವ ಭವಿಷ್ಯ ನಿಧಿ, ಜೀವ ವಿಮೆಯ ಕಂತು, ಮಕ್ಕಳ ಶಾಲೆಯ ಬೋಧನಾ ಶುಲ್ಕ ಎಲ್ಲವನ್ನೂ ಅದೇ ಕೊಡಕ್ಕೆ ಸುರಿಯಬೇಕು. ಒಂದೊಂದಕ್ಕೆ ಬೇರೆ ಬೇರೆ ಕೊಡ ಇಲ್ಲ.

ಭಾವನ ಭವಿಷ್ಯ ನಿಧಿ ವರ್ಷಕ್ಕೆ 84,000. ಸಾಲದ ಅಸಲು 99,000. ಎರಡನ್ನು ಕೂಡಿಸಿದರೆ 1,83,000. ಕೊಡ ಅಷ್ಟಕ್ಕೇ ತುಂಬಿ ಹರಿದಿತ್ತು. ಅವರು "ತೆರಿಗೆ ಉಳಿಯಲಿ" ಅಂತ ವರ್ಷಾ ವರ್ಷಾ ಕಟ್ಟುತ್ತಿದ್ದ 36,000ದ ಜೀವ ವಿಮೆ ಆ ಕೊಡದ ಒಳಗೆ ಬಿದ್ದೇ ಇರಲಿಲ್ಲ.

ಭಾವ ಪೆನ್ನು ಕೆಳಗಿಟ್ಟು, "ಹಂಗಾದ್ರೆ ಈ ವಿಮೆಯಿಂದ ಒಂದು ರೂಪಾಯಿ ತೆರಿಗೇನೂ ಉಳಿದಿಲ್ವಾ?" ಅಂತ ಕೇಳಿದರು. ಹಳೆ ಪದ್ಧತಿಯಲ್ಲೂ ಉಳಿದಿಲ್ಲ. ಏಜೆಂಟರು ಹೇಳುತ್ತಿದ್ದ ಹೊಸ 50 ಸಾವಿರದ ಪಾಲಿಸಿಯದೂ ಅದೇ ಗತಿ ಆಗುತ್ತಿತ್ತು.

ಆರೋಗ್ಯ ವಿಮೆಗೆ ಮಾತ್ರ ಬೇರೆ ಕೊಡ ಇದೆ, ಅದು 80ಡಿ. ಗಂಡ, ಹೆಂಡತಿ, ಮಕ್ಕಳ ವಿಮೆಗೆ 25,000ದವರೆಗೆ. ಭಾವ ಕಟ್ಟುವುದು 24,000, ಅಷ್ಟೂ ಸಿಗುತ್ತದೆ.

ಕೂಡಿ ಕಳೆದ ಲೆಕ್ಕ

ಅಕ್ಕ ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡಳು. 2025-26ನೇ ಸಾಲಿನ ಹಳೆ ಪದ್ಧತಿಯ ಲೆಕ್ಕ ಹೀಗೆ:

ಸಂಬಳ 14,00,000
ಸ್ಟ್ಯಾಂಡರ್ಡ್ ಡಿಡಕ್ಷನ್ 50,000
ವೃತ್ತಿ ತೆರಿಗೆ 2,500
ಮನೆ ಸಾಲದ ಬಡ್ಡಿ 2,00,000
80ಸಿ ಕೊಡ 1,50,000
ಆರೋಗ್ಯ ವಿಮೆ 24,000
ಒಟ್ಟು ಕಳೆಯುವುದು 4,26,500
ಉಳಿದದ್ದು 9,73,500

ಹಳೆಯದರಲ್ಲಿ ಮೊದಲ ಎರಡೂವರೆ ಲಕ್ಷಕ್ಕೆ ತೆರಿಗೆ ಇಲ್ಲ. ಅಲ್ಲಿಂದ 5 ಲಕ್ಷದವರೆಗೆ ನೂರಕ್ಕೆ 5, ಅಂದರೆ 12,500. ಐದರಿಂದ ಹತ್ತು ಲಕ್ಷದವರೆಗೆ ನೂರಕ್ಕೆ 20. ಭಾವನ ಮಿಕ್ಕ 4,73,500ಕ್ಕೆ ಅದು 94,700. ಎರಡೂ ಸೇರಿ 1,07,200. ಇದರ ಮೇಲೆ ನೂರಕ್ಕೆ 4ರಷ್ಟು ಸೆಸ್ ಸೇರಿದರೆ 1,11,490. ಫಾರ್ಮ್ 16ರಲ್ಲಿ ಇದ್ದ ಮೊತ್ತಕ್ಕೆ ಸರಿಹೋಯಿತು. ಆಫೀಸಿನವರು ತಪ್ಪು ಮಾಡಿರಲಿಲ್ಲ, ಭಾವ ಬರೆದುಕೊಟ್ಟಂತೆಯೇ ಹಿಡಿದಿದ್ದರು.

ಈಗ ಹೊಸ ಪದ್ಧತಿ. 14 ಲಕ್ಷದಲ್ಲಿ 75,000 ಕಳೆದರೆ 13,25,000. ಬೇರೆ ಯಾವುದೂ ಇಲ್ಲ. ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ನಾಲ್ಕರಿಂದ ಎಂಟು ಲಕ್ಷಕ್ಕೆ ನೂರಕ್ಕೆ 5ರಂತೆ 20,000. ಎಂಟರಿಂದ ಹನ್ನೆರಡಕ್ಕೆ ನೂರಕ್ಕೆ 10ರಂತೆ 40,000. ಮಿಕ್ಕ 1,25,000ಕ್ಕೆ ನೂರಕ್ಕೆ 15ರಂತೆ 18,750. ಒಟ್ಟು 78,750. ಸೆಸ್ ಸೇರಿ 81,900.

ಅಕ್ಕ ಎರಡು ಸಲ ಕಳೆದು ನೋಡಿದಳು. ವ್ಯತ್ಯಾಸ 29,590 ರೂಪಾಯಿ. ಒಂದು ತಿಂಗಳ ಮನೆ ಕಂತಿಗಿಂತ ಜಾಸ್ತಿ. ಮನೆ ಸಾಲ, ವಿಮೆ ಎಲ್ಲಾ ಇದ್ದೂ ಹೊಸ ಪದ್ಧತಿಯೇ ಅಗ್ಗವಾಗಿತ್ತು.

ಎಷ್ಟು ಇದ್ದಿದ್ದರೆ ಹಳೆಯದು ಗೆಲ್ಲುತ್ತಿತ್ತು?

ಭಾವ ಅಷ್ಟು ಸುಲಭಕ್ಕೆ ಒಪ್ಪುವವರಲ್ಲ. "ಇನ್ನೂ ಸ್ವಲ್ಪ ಕಳೆಯೋದಕ್ಕೆ ಸಿಕ್ಕಿದ್ರೆ?" ಅಂದರು. ಅದನ್ನೂ ಹಾಕಿ ನೋಡಿದೆವು. 14 ಲಕ್ಷ ಸಂಬಳಕ್ಕೆ ಎರಡೂ ಪದ್ಧತಿಯ ತೆರಿಗೆ ಸಮ ಆಗಬೇಕಾದರೆ ಹಳೆಯದರಲ್ಲಿ ಒಟ್ಟು 5,68,750 ಕಳೆಯಲು ಸಿಗಬೇಕು. ಭಾವನ ಹತ್ತಿರ ಇದ್ದದ್ದು 4,26,500. ಇನ್ನೂ 1,42,250 ಸಾಲದು.

ಅದನ್ನು ಎಲ್ಲಿಂದ ತರುವುದು? ಊರಲ್ಲಿರುವ ಭಾವನ ತಾಯಿಗೆ 60 ದಾಟಿದೆ. ಹಿರಿಯರಾದ ಅಪ್ಪ ಅಮ್ಮನ ಆರೋಗ್ಯ ವಿಮೆಗೆ 80ಡಿಯಲ್ಲೇ ಇನ್ನೊಂದು 50,000ದವರೆಗೆ ಅವಕಾಶ ಇದೆ. ಅವರಿಗೆ ವಿಮೆಯೇ ಇಲ್ಲದಿದ್ದರೆ, ಮಗ ಕೊಟ್ಟ ಆಸ್ಪತ್ರೆ, ಔಷಧದ ಖರ್ಚನ್ನೂ ಅದೇ ಮಿತಿಯೊಳಗೆ ತೋರಿಸಬಹುದು. ಆದರೆ ಕೈಯಲ್ಲಿ ನಗದು ಕೊಟ್ಟಿದ್ದರೆ ನಡೆಯುವುದಿಲ್ಲ, ಬ್ಯಾಂಕಿನಿಂದಲೋ ಫೋನಿನಿಂದಲೋ ಪಾವತಿ ಆಗಿರಬೇಕು. ಹಳ್ಳಿಯ ಮೆಡಿಕಲ್ ಸ್ಟೋರಿನಲ್ಲಿ ನಗದು ಕೊಟ್ಟು ತಂದ ಮಾತ್ರೆ ಇದಕ್ಕೆ ಬಾರದು. ಇದನ್ನು ಪೂರ್ತಿ ಹಾಕಿ, ರಾಷ್ಟ್ರೀಯ ಪಿಂಚಣಿ ಯೋಜನೆಗೆ ಸ್ವಂತವಾಗಿ 50,000 ಕಟ್ಟಿ ಅದನ್ನೂ ಸೇರಿಸಿದರೆ ಒಂದು ಲಕ್ಷ ಆಯಿತು. ಆಗಲೂ 42,250 ಕಡಿಮೆಯೇ.

ಹಾಗಾದರೆ ಹಳೆಯದು ಯಾರಿಗೂ ಬೇಡವೇ? ಹಾಗೂ ಇಲ್ಲ. ಕೆಂಗೇರಿ ಕಡೆ ಸಾಲ ಮಾಡಿ ಫ್ಲ್ಯಾಟ್ ಕೊಂಡು ಅದನ್ನು ಬಾಡಿಗೆಗೆ ಬಿಟ್ಟು, ತಾವು ಕೆಲಸಕ್ಕೆ ಹತ್ತಿರ ಅಂತ ಇದೇ ಬಸವೇಶ್ವರನಗರದಲ್ಲಿ ಬಾಡಿಗೆಗೆ ಇರುವವರನ್ನು ಯೋಚಿಸಿ. ಸಂಬಳ 20 ಲಕ್ಷ ಅಂತಿಟ್ಟುಕೊಳ್ಳಿ. ಅಲ್ಲಿ ಎರಡೂ ಸಮ ಆಗುವ ಗೆರೆ ಸುಮಾರು 7,58,000. ಬಾಡಿಗೆ ಭತ್ಯೆಯಲ್ಲಿ 2,60,000, ಫ್ಲ್ಯಾಟಿನ ಬಡ್ಡಿಯಿಂದ ಆದ ನಷ್ಟ 2 ಲಕ್ಷ, 80ಸಿ ಒಂದೂವರೆ ಲಕ್ಷ, ತಮ್ಮ ಮತ್ತು ಅಪ್ಪ ಅಮ್ಮನ ಆರೋಗ್ಯ ವಿಮೆ 75,000, ಪಿಂಚಣಿ ಯೋಜನೆ 50,000, ಸ್ಟ್ಯಾಂಡರ್ಡ್ ಡಿಡಕ್ಷನ್ ಮತ್ತು ವೃತ್ತಿ ತೆರಿಗೆ ಎಲ್ಲಾ ಸೇರಿ 7,87,500 ಆದರೆ ಹಳೆಯದು ಗೆಲ್ಲುತ್ತದೆ. ಗೆಲ್ಲುವುದು ಎಷ್ಟರಿಂದ? ಸುಮಾರು 9,100 ರೂಪಾಯಿಯಿಂದ. ಅದರಲ್ಲಿ ಮನೆ ಸಾಲಕ್ಕಿಂತ ದೊಡ್ಡ ಪಾಲು ಬಾಡಿಗೆ ಭತ್ಯೆಯದು. ಸ್ವಂತ ಮನೆಯಲ್ಲಿರುವ ಭಾವನಿಗೆ ಆ ಭತ್ಯೆಯ ವಿನಾಯಿತಿ ಸಿಗುವುದಿಲ್ಲ.

ಇನ್ನು ಸಂಬಳವೊಂದೇ ಆದಾಯವಾಗಿದ್ದು, ಅದು ವರ್ಷಕ್ಕೆ 12,75,000 ದಾಟದವರಿಗೆ 2025-26ರಲ್ಲಿ ಈ ಲೆಕ್ಕವೇ ಬೇಕಿಲ್ಲ. 75,000 ಕಳೆದ ಮೇಲೆ 12 ಲಕ್ಷದೊಳಗೆ ಇದ್ದರೆ ಹೊಸ ಪದ್ಧತಿಯಲ್ಲಿ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆ ಆಗುತ್ತದೆ.

ಭಾವ ತಪ್ಪು ಮಾಡಿದ್ದು ಎಲ್ಲಿ?

ಭಾವ ದಡ್ಡರಲ್ಲ. ಮೂರು ವರ್ಷದ ಹಿಂದೆ ಆಫೀಸಿನ ಗೆಳೆಯರ ಜೊತೆ ಕೂತು ಲೆಕ್ಕ ಹಾಕಿಯೇ ಹಳೆಯದನ್ನು ಆರಿಸಿದ್ದರು. ಅದು ನಿಜವೇ ಅಂತ ಇದೇ 14 ಲಕ್ಷ, ಇದೇ ಕಡಿತಗಳನ್ನು ಆಗಿನ ದರಕ್ಕೆ ಹಾಕಿ ನೋಡಿದೆವು. 2023-24ರ ದರದಲ್ಲಿ ಹೊಸ ಪದ್ಧತಿಯ ತೆರಿಗೆ 1,24,800. ಹಳೆಯದರಲ್ಲಿ ಸುಮಾರು 13 ಸಾವಿರ ಉಳಿಯುತ್ತಿತ್ತು. 2024-25ರಲ್ಲಿ ಹೊಸದರ ದರ ಇಳಿಸಿ, ಸ್ಟ್ಯಾಂಡರ್ಡ್ ಡಿಡಕ್ಷನ್ ಐವತ್ತರಿಂದ ಎಪ್ಪತ್ತೈದು ಸಾವಿರಕ್ಕೆ ಏರಿಸಿದರು. ಆಗ ಹೊಸದು 1,09,200ಕ್ಕೆ ಬಂದು ಎರಡೂ ಹೆಚ್ಚುಕಡಿಮೆ ಸಮ ಆದವು. 2025ರ ಬಜೆಟ್ಟಿನಲ್ಲಿ ಮತ್ತೆ ಇಳಿಸಿದ್ದರಿಂದ 81,900 ಆಯಿತು.

ಈ ಮೂರೂ ವರ್ಷ ಹಳೆ ಪದ್ಧತಿಯ ದರ, ಮಿತಿ ಇದ್ದಲ್ಲೇ ಇದ್ದವು. ಬದಲಾದದ್ದು ಹೊಸದು ಮಾತ್ರ. ಭಾವನ ಲೆಕ್ಕ ಸರಿಯಾಗಿತ್ತು, ಆದರೆ ಹಾಕಿದ ಆ ವರ್ಷಕ್ಕೆ ಮಾತ್ರ. ಆಮೇಲೆ ಪ್ರತಿ ಏಪ್ರಿಲ್‌ನಲ್ಲಿ ಆಫೀಸಿನವರು ಕೇಳಿದಾಗ "ಹೋದ ವರ್ಷದ್ದೇ ಇರಲಿ" ಅನ್ನುತ್ತಾ ಬಂದಿದ್ದರು.

ಹೋದ ಹಣ ವಾಪಸ್ ಬರುತ್ತದೆಯೇ?

ಬರುತ್ತದೆ. ಆಫೀಸಿಗೆ ಬರೆದುಕೊಟ್ಟದ್ದು ತಿಂಗಳು ತಿಂಗಳು ಎಷ್ಟು ತೆರಿಗೆ ಹಿಡಿಯಬೇಕು ಅನ್ನುವುದಕ್ಕೆ ಮಾತ್ರ. ಸಂಬಳದಾರರು ಕೊನೆಯ ತೀರ್ಮಾನ ಮಾಡುವುದು ರಿಟರ್ನ್ ಸಲ್ಲಿಸುವಾಗ. ಭಾವ ರಿಟರ್ನಿನಲ್ಲಿ ಹೊಸದನ್ನು ಆರಿಸಿದರೆ, ಹಿಡಿದ 1,11,490ರಲ್ಲಿ 81,900 ಹೋಗಿ ಉಳಿದ 29,590 ಅವರ ಬ್ಯಾಂಕ್ ಖಾತೆಗೆ ಮರಳಬೇಕು.

ಇಲ್ಲಿ ಎರಡು ಕಡೆ ಎಚ್ಚರ ಬೇಕು. ರಿಟರ್ನ್ ಅರ್ಜಿಯಲ್ಲಿ ಪ್ರಶ್ನೆಯನ್ನು ತಿರುಗಿಸಿ ಕೇಳುತ್ತಾರೆ. "ಯಾವ ಪದ್ಧತಿ ಬೇಕು" ಅಂತ ಇರುವುದಿಲ್ಲ, opting out of new tax regime, ಅಂದರೆ ಹೊಸ ಪದ್ಧತಿಯಿಂದ ಹೊರಗೆ ಹೋಗುತ್ತೀರಾ ಅಂತ ಇರುತ್ತದೆ. Yes ಅಂದರೆ ಹಳೆಯದು, No ಅಂದರೆ ಹೊಸದು. ಹೊಸದು ಬೇಕು ಅಂತ Yes ಒತ್ತಿದರೆ ಹಳೆಯದಕ್ಕೆ ಹೋಗಿ ಕೂರುತ್ತದೆ. ಒತ್ತಿದ ಮೇಲೆ ಕೊನೆಯಲ್ಲಿ ಬರುವ ಲೆಕ್ಕದ ಪುಟ ನೋಡಿದರೆ ಗೊತ್ತಾಗುತ್ತದೆ. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಅಂತ ಇದ್ದರೆ ಹೊಸದು, 50,000 ಅಂತ ಇದ್ದರೆ ಹಳೆಯದು.

ಎರಡನೆಯದು ದಿನಾಂಕ. 2023-24ರಿಂದ ಹೊಸದೇ ಮೂಲ ಪದ್ಧತಿ. ಯಾರಿಗೆ ಹಳೆಯದು ಲಾಭವೋ ಅವರು ಗಡುವಿನೊಳಗೆ, ಸಂಬಳದಾರರಿಗೆ ಸಾಮಾನ್ಯವಾಗಿ ಜುಲೈ 31ರೊಳಗೆ, ರಿಟರ್ನ್ ಸಲ್ಲಿಸಲೇಬೇಕು. ತಡವಾದರೆ ಹೊಸದೇ ಗತಿ. ಸಲ್ಲಿಸಿದ ಮೇಲೆ 30 ದಿನದೊಳಗೆ ಆಧಾರ್ ಓಟಿಪಿಯಿಂದಲೋ ಬೇರೆ ದಾರಿಯಿಂದಲೋ ದೃಢೀಕರಿಸದಿದ್ದರೆ ಅದು ಸಲ್ಲಿಕೆಯಾದ ಹಾಗೇ ಅಲ್ಲ, ರೀಫಂಡೂ ಹೊರಡುವುದಿಲ್ಲ.

ವರ್ಷ ವರ್ಷ ಬದಲಿಸುವ ಈ ಸ್ವಾತಂತ್ರ್ಯ ಸಂಬಳದಾರರಿಗೆ ಮಾತ್ರ. ಅಂಗಡಿ, ವ್ಯಾಪಾರ ಇರುವವರು, ನಮ್ಮ ಹಾಗೆ ಸುದ್ದಿಗೆ ಇಷ್ಟು ಅಂತ ಗೌರವಧನ ಪಡೆಯುವವರು ಹಳೆಯದಕ್ಕೆ ಹೋಗಬೇಕಾದರೆ ಫಾರ್ಮ್ 10-ಐಇಎ ಸಲ್ಲಿಸಬೇಕು. ಹಾಗೆ ಹೋದವರಿಗೆ ವಾಪಸ್ ಹೊಸದಕ್ಕೆ ಬರಲು ಒಂದೇ ಸಲ ಅವಕಾಶ.

ವಿಮೆ, ಸಾಲ ಏನು ಮಾಡುವುದು?

ಲೆಕ್ಕ ಮುಗಿದ ಮೇಲೆ ಭಾವನಿಗೆ ಸಿಟ್ಟು ಬಂತು. "ಹಂಗಾದ್ರೆ ಆ ವಿಮೇನ ನಾಳೇನೇ ನಿಲ್ಲಿಸ್ತೀನಿ" ಅಂದರು. ಅಕ್ಕ ತಡೆದಳು. ಪಾಲಿಸಿಯ ಕಾಗದ ತೆಗೆದು ನೋಡಿದರೆ ವಿಮಾ ಮೊತ್ತ 7 ಲಕ್ಷ. ಎಂಟು ವರ್ಷ ಕಂತು ಕಟ್ಟಿದ್ದಾರೆ. ಇಂಥ ಉಳಿತಾಯದ ಪಾಲಿಸಿಯನ್ನು ಅರ್ಧದಲ್ಲಿ ಬಿಟ್ಟರೆ ಸಾಮಾನ್ಯವಾಗಿ ಕೈಗೆ ಬರುವುದು ಪೂರ್ತಿ ಲಾಭಕ್ಕಿಂತ ತುಂಬಾ ಕಡಿಮೆ. ಎಷ್ಟು ಬರುತ್ತದೆ ಅಂತ ಕಂಪನಿಯಿಂದ ಬರಹದಲ್ಲಿ ತರಿಸಿಕೊಳ್ಳದೆ ನಿಲ್ಲಿಸಬಾರದು. ಹೊಸ ಪದ್ಧತಿಗೆ ಹೋದ ಮಾತ್ರಕ್ಕೆ ಪಾಲಿಸಿ ಮುಗಿದಾಗ ಬರುವ ಹಣದ ತೆರಿಗೆ ವಿನಾಯಿತಿ ತಪ್ಪಿಹೋಗುವುದೂ ಇಲ್ಲ.

ಆದರೆ ಆ ಕಾಗದ ಇನ್ನೊಂದು ವಿಷಯ ಹೇಳಿತು. ಮನೆ ಸಾಲ ಇನ್ನೂ 24 ಲಕ್ಷಕ್ಕಿಂತ ಜಾಸ್ತಿ ಇದೆ. ಭಾವನಿಗೆ ಏನಾದರೂ ಆದರೆ 7 ಲಕ್ಷದ ವಿಮೆಯಿಂದ ಮನೆ ಉಳಿಯುವುದಿಲ್ಲ. ಇಷ್ಟು ವರ್ಷ "ಎಷ್ಟು ತೆರಿಗೆ ಉಳಿಯುತ್ತೆ" ಅಂತ ನೋಡಿದರೇ ಹೊರತು "ಎಷ್ಟು ರಕ್ಷಣೆ ಇದೆ" ಅಂತ ನಾವು ಯಾರೂ ನೋಡಿರಲಿಲ್ಲ. ಉಳಿತಾಯ ಇಲ್ಲದ, ಬರೀ ಜೀವಕ್ಕೆ ಮಾಡುವ ಟರ್ಮ್ ವಿಮೆಯಲ್ಲಿ ಕಡಿಮೆ ಕಂತಿಗೆ ಸಾಲ ಮುಚ್ಚುವಷ್ಟು ರಕ್ಷಣೆ ಸಿಗುತ್ತದೆ. ಅಕ್ಕ ಅದರ ದರ ವಿಚಾರಿಸಬೇಕು ಅಂತ ಬರೆದಿಟ್ಟುಕೊಂಡಳು.

ಸಾಲದ ವಿಷಯವೂ ಹಾಗೇ. ಭಾವನ ಹತ್ತಿರ ಬ್ಯಾಂಕಿನಲ್ಲಿ ಠೇವಣಿ ಇದೆ. ಅದರ ಬಡ್ಡಿ ಸಾಲದ ಬಡ್ಡಿಗಿಂತ ಕಡಿಮೆ. ಆದರೂ ಸಾಲ ಬೇಗ ತೀರಿಸಿದರೆ "ತೆರಿಗೆ ಲಾಭ ಹೋಗುತ್ತೆ" ಅಂತ ಅದನ್ನು ಮುಟ್ಟಿರಲಿಲ್ಲ. ಹಳೆ ಪದ್ಧತಿಯಲ್ಲಿ 2,13,000 ಬಡ್ಡಿ ಕಟ್ಟಿ ಅವರು ಉಳಿಸುತ್ತಿದ್ದ ತೆರಿಗೆ ಸೆಸ್ ಸೇರಿ ಸುಮಾರು 59,640. ಹೊಸದರಲ್ಲಿ ಅದೂ ಇಲ್ಲ, ಬಡ್ಡಿ ಪೂರ್ತಿ ಕೈಯಿಂದಲೇ. ತುರ್ತಿಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕದ್ದನ್ನು ಅಸಲಿಗೆ ಕಟ್ಟದಿರಲು ಅವರಿಗೆ ಈಗ ಕಾರಣ ಉಳಿದಿಲ್ಲ.

ಅಷ್ಟು ಹೊತ್ತು ಸುಮ್ಮನೆ ಹಲಸಿನ ತೊಳೆ ಬಿಡಿಸುತ್ತಿದ್ದ ಅವ್ವ ಹೇಳಿದರು, "ನಮ್ಮ ಕಾಲದಲ್ಲಿ ಸಾಲ ಇದ್ರೆ ನಿದ್ದೆ ಬರ್ತಿರಲಿಲ್ಲ. ಸಾಲ ಇದ್ರೆ ಲಾಭ ಅಂತ ನಿಮಗೆ ಹೇಳಿದೋರು ಯಾರು?" ಭಾವ ನಕ್ಕರು, ಉತ್ತರ ಕೊಡಲಿಲ್ಲ.

ಸಂಜೆ ನಾವು ಹೊರಡುವ ಹೊತ್ತಿಗೆ ಏಜೆಂಟರ ಫೋನ್ ಮತ್ತೆ ಬಂತು. ಭಾವ ಈ ಸಲ ಎತ್ತಿಕೊಂಡು ಒಂದೇ ಪ್ರಶ್ನೆ ಕೇಳಿದರು. "ನನ್ನ 80ಸಿ ಆಗಲೇ ತುಂಬಿದೆಯಲ್ಲ, ನೀವು ಹೇಳೋ ಪಾಲಿಸಿ ಯಾವುದರಲ್ಲಿ ಕಳೀತೀರಿ?" ಆ ಕಡೆಯವರು ಆಮೇಲೆ ಮಾತಾಡುತ್ತೇನೆ ಅಂದರು. ಭಾವ ಫೋನಿಟ್ಟು, ಮುಂದಿನ ತಿಂಗಳ ಸಂಬಳಕ್ಕೆ ಮೊದಲು ಆಫೀಸಿನಲ್ಲಿ ಹೊಸದಕ್ಕೆ ಬದಲಿಸಲು ಆಗುತ್ತದೆಯೇ ಅಂತ ಕೇಳುತ್ತೇನೆ ಅಂದರು. ಆಗದಿದ್ದರೂ ನಷ್ಟವಿಲ್ಲ, ಮುಂದಿನ ರಿಟರ್ನಿನಲ್ಲಿ ಸರಿಮಾಡಿಕೊಳ್ಳಬಹುದು. ಅಷ್ಟರೊಳಗೆ ಆ ವರ್ಷದ ದರ ಹಾಕಿ ಇನ್ನೊಂದು ಸಲ ಲೆಕ್ಕ ಮಾಡಬೇಕು. ಅಕ್ಕ ಆ ನೋಟ್‌ಬುಕ್ಕಿನ ಹಾಳೆಯನ್ನು ಹರಿಯದೆ ಹಾಗೇ ಎತ್ತಿಟ್ಟಳು.